ಹಲಗೆ ಎಲ್ಲಿಂದ ಕೊಯ್ದದ್ದು, ಬೆತ್ತ ಹೇಗೆ ಹೆಣೆದದ್ದು

ಸ್ವೀಡನ್ನಿನ ಪೀಠೋಪಕರಣ ಕಂಪನಿ ಐಕಿಯಾ 2006ರಲ್ಲಿ ತನ್ನ ಕ್ಯಾಟಲಾಗ್‌ಗೆ ಮೊದಲ ಬಾರಿಗೆ ಕಂಪ್ಯೂಟರಿನಲ್ಲೇ ಹುಟ್ಟಿದ ಒಂದು ಉತ್ಪನ್ನದ ಚಿತ್ರವನ್ನು ಸೇರಿಸಿತು. ಅದು 'ಬರ್ಟಿಲ್' ಎಂಬ ಹೆಸರಿನ ಮರದ ಕುರ್ಚಿ. ಛಾಯಾಚಿತ್ರಗಳ ನಡುವೆ ಅದು ಕುಳಿತಿತ್ತು. ಓದುಗರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. 2014ರ ಹೊತ್ತಿಗೆ ಕಂಪನಿಯ ಉತ್ಪನ್ನ ಚಿತ್ರಗಳಲ್ಲಿ ಸುಮಾರು ಮುಕ್ಕಾಲು ಭಾಗ ಹೀಗೆ ಕಂಪ್ಯೂಟರಿನಲ್ಲಿ ತಯಾರಾದವೇ ಆಗಿದ್ದವು.

ಈಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹೊಸ ಫ್ಲ್ಯಾಟ್ ಕೊಂಡವರಿಗೂ ಇಂಥ ಚಿತ್ರಗಳು ಹೊಸದಲ್ಲ. ಒಳಾಂಗಣ ವಿನ್ಯಾಸಕರು ಕೆಲಸ ಶುರುಮಾಡುವ ಮೊದಲೇ ಊಟದ ಕೋಣೆ, ಮಲಗುವ ಕೋಣೆಗಳ 'ರೆಂಡರ್' ಕಳಿಸುತ್ತಾರೆ. ಗೋಡೆಯ ಬಣ್ಣ, ಪರದೆ, ದೀಪ ಎಲ್ಲ ನಿಜವೆಂದೇ ತೋರುತ್ತವೆ. ಮರದ ಮೇಜಿನ ಮೇಲೆ, ಬೆತ್ತದ ಕುರ್ಚಿಯ ಮೇಲೆ ಕಣ್ಣು ಬಿದ್ದಾಗ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನೆಂದು ಹೇಳಲು ಬಾರದಿದ್ದರೂ, ಅದು ಮರದ ಬಣ್ಣ ಬಳಿದ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ.

ಕಾರಣ ಸರಳ. ಗೋಡೆಯ ಬಣ್ಣಕ್ಕೆ ದಿಕ್ಕಿಲ್ಲ, ಮರಕ್ಕೂ ಬೆತ್ತಕ್ಕೂ ಇದೆ. ಮರದ ಎಳೆಗಳು ಕಾಂಡ ಬೆಳೆದ ದಿಕ್ಕಿನಲ್ಲಿ ಓಡುತ್ತವೆ. ಹಲಗೆಯನ್ನು ದಿಮ್ಮಿಯ ಯಾವ ಭಾಗದಿಂದ ಕೊಯ್ದರು ಎನ್ನುವುದರ ಮೇಲೆ ಅದರ ಮುಖದ ಗೆರೆಗಳು ನಿಲ್ಲುತ್ತವೆ. ಬೆತ್ತದ ಒಂದೊಂದು ಪಟ್ಟಿಯೂ ಚೌಕಟ್ಟಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ತುಂಡಾಗಿ ಸಾಗುತ್ತದೆ. ಬಡಗಿಯೂ ಬೆತ್ತ ಹೆಣೆಯುವವರೂ ಈ ನಿಯಮಗಳನ್ನು ಮೀರುವುದು ಸಾಧ್ಯವೇ ಇಲ್ಲ. ಕಂಪ್ಯೂಟರಿನಲ್ಲಿ ಮೀರುವುದು ಬಹಳ ಸುಲಭ. ಚಿತ್ರ ಕೆಡುವುದು ಅಲ್ಲೇ. ಹೆಚ್ಚು ಸ್ಪಷ್ಟವಾದ, ಹೆಚ್ಚು ದುಬಾರಿಯಾದ ಮರದ ಫೋಟೊ ತಂದು ಅಂಟಿಸಿದರೂ ಈ ದೋಷ ಹೋಗುವುದಿಲ್ಲ.

ಒಂದು ಉದಾಹರಣೆ ಹಿಡಿದು ನೋಡುವುದು ಒಳ್ಳೆಯದು. ಆರು ಅಡಿ ಉದ್ದ, ಮೂರು ಅಡಿ ಅಗಲದ ತೇಗದ ಊಟದ ಮೇಜು. ಸುತ್ತ ಆರು ಕುರ್ಚಿ. ಕುರ್ಚಿಗಳು ಚಂಡೀಗಢ ಮಾದರಿಯವು: 1951ರಲ್ಲಿ ಚಂಡೀಗಢಕ್ಕೆ ಬಂದು 1965ರವರೆಗೂ ಅಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಪಿಯರ್ ಜಾನ್‌ರೆ ಆ ಹೊಸ ನಗರದ ಕಚೇರಿಗಳಿಗಾಗಿ ರೂಪಿಸಿದ, ತೇಗದ ಚೌಕಟ್ಟು, ತಲೆಕೆಳಗಾದ 'ವಿ' ಆಕಾರದ ಕಾಲು, ಬೆತ್ತದ ಆಸನ ಮತ್ತು ಬೆನ್ನು ಇರುವ ಕುರ್ಚಿ. ಅದರ ನಕಲುಗಳು ಈಗ ಎಲ್ಲೆಡೆ ಸಿಗುತ್ತವೆ, ರೆಂಡರ್‌ಗಳಲ್ಲೂ ಸದಾ ಕಾಣಿಸಿಕೊಳ್ಳುತ್ತವೆ. ಮರ ಮತ್ತು ಬೆತ್ತ ಎರಡನ್ನೂ ಒಟ್ಟಿಗೆ ಪರೀಕ್ಷೆಗೆ ಒಡ್ಡಲು ಇದಕ್ಕಿಂತ ತಕ್ಕ ವಸ್ತು ಇಲ್ಲ.

ಮೊದಲು ಮೇಜಿನ ಮೇಲ್ಮೈ. ಮೂರು ಅಡಿ ಅಗಲದ ಒಂದೇ ತೇಗದ ಹಲಗೆ ಮಾರುಕಟ್ಟೆಯಲ್ಲಿ ಸಿಗುವುದು ದುರ್ಲಭ. ಬಡಗಿ ಅದನ್ನು ಆರು ಇಂಚಿನ ಆರು ಹಲಗೆಗಳನ್ನು ಅಂಟಿಸಿ ಮಾಡುತ್ತಾನೆ. ಹೊಸಬರ ರೆಂಡರ್‌ನಲ್ಲಿ ಮಾತ್ರ ಆ ಮೇಲ್ಮೈ ಪೂರ್ತಿ ಒಂದೇ ಹಾಳೆ. ಅದರ ಮೇಲೆ ಒಂದೇ ಮರದ ಫೋಟೊವನ್ನು ಎಳೆದು ಹೊದಿಸಿರುತ್ತಾರೆ. ಫೋಟೊ ಒಂದು ಮೀಟರಿನದಾಗಿದ್ದು ಮೇಜು ಸುಮಾರು ಒಂದು ಮುಕ್ಕಾಲು ಮೀಟರ್‌ಗಿಂತ ಉದ್ದವಿದ್ದರೆ ಗೆರೆಗಳು ಹಿಗ್ಗುತ್ತವೆ. ತೇಗದಲ್ಲಿ ಕೆಲವೇ ಮಿಲಿಮೀಟರ್ ಇರಬೇಕಾದ ಬೆಳವಣಿಗೆಯ ಉಂಗುರ ಬೆರಳಿನಷ್ಟು ದಪ್ಪವಾಗುತ್ತದೆ. ಆಗ ಮೇಜು ದೊಡ್ಡದಾಗಿ ಕಾಣುವುದಿಲ್ಲ, ಇಡೀ ಕೋಣೆಯೇ ಆಟಿಕೆ ಮನೆಯಷ್ಟು ಕುಗ್ಗಿದಂತೆ ಕಾಣುತ್ತದೆ. ಏಕೆಂದರೆ ನಮ್ಮ ಕಣ್ಣು ಮರದ ಗೆರೆಯನ್ನೇ ಅಳತೆಗೋಲಾಗಿ ಬಳಸುತ್ತದೆ.

ಆದ್ದರಿಂದ ಅಭ್ಯಾಸವಿರುವವರು ಮೊದಲು ಮಾಡುವುದು ಎರಡೇ ಕೆಲಸ. ಮರದ ಫೋಟೊ ನಿಜದಲ್ಲಿ ಎಷ್ಟು ಉದ್ದ, ಎಷ್ಟು ಅಗಲದ ಹಲಗೆಯದು ಎಂದು ತಿಳಿದುಕೊಂಡು ಅದೇ ಅಳತೆಯಲ್ಲಿ ಹೊದಿಸುವುದು ಒಂದು. ಮೇಜನ್ನು ನಿಜವಾಗಿಯೂ ಆರು ಹಲಗೆಗಳಾಗಿಯೇ ಕಟ್ಟುವುದು ಇನ್ನೊಂದು. ಪ್ರತಿ ಹಲಗೆಗೂ ಅದೇ ಫೋಟೊದ ಬೇರೆ ಬೇರೆ ಜಾಗ ಬೀಳುವಂತೆ ಸರಿಸಬೇಕು, ಕೆಲವನ್ನು ತಲೆಕೆಳಗು ತಿರುಗಿಸಬೇಕು, ಬಣ್ಣದಲ್ಲೂ ನೂರಕ್ಕೆ ಐದಾರು ಪಾಲು ಏರುಪೇರು ಕೊಡಬೇಕು. ಬ್ಲೆಂಡರ್ ತಂತ್ರಾಂಶದಲ್ಲಿ ಇದಕ್ಕೆ `Random Per Island` ಎಂಬ ಆಯ್ಕೆ ಇದೆ. ಒಂದಕ್ಕೊಂದು ತಾಗದೆ ಬಿಡಿಯಾಗಿರುವ ಪ್ರತಿ ಹಲಗೆಗೂ ಅದು ತನ್ನದೇ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯನ್ನು ಫೋಟೊ ಸರಿಸುವುದಕ್ಕೂ ಬಣ್ಣ ಬದಲಿಸುವುದಕ್ಕೂ ಜೋಡಿಸಿದರೆ ಸಾಕು. ಇಷ್ಟಾದ ಮೇಲೂ ಒಂದು ಎಚ್ಚರ ಬೇಕು. ಫೋಟೊದಲ್ಲಿ ಕಣ್ಣಿಗೆ ಹೊಡೆಯುವ ಗಂಟೊಂದಿದ್ದರೆ ಅದು ಮೂರು ಹಲಗೆಗಳಲ್ಲಿ ಬಂದು ಗುಟ್ಟನ್ನು ಬಿಟ್ಟುಕೊಡುತ್ತದೆ. ಅಂಥ ಗಂಟನ್ನು ಮೊದಲೇ ಅಳಿಸುವುದು, ಇಲ್ಲವೇ ಗಂಟಿಲ್ಲದ ಹಲಗೆಯನ್ನೇ ಆರಿಸುವುದು ಮೇಲು.

ಆರು ಹಲಗೆಗಳ ಮುಖವೂ ಒಂದೇ ಬಗೆಯದಾಗಿರಬಾರದು. ದಿಮ್ಮಿಯನ್ನು ಉಂಗುರಗಳಿಗೆ ಸ್ಪರ್ಶಕವಾಗಿ ಕೊಯ್ದರೆ ಹಲಗೆಯ ಮೇಲೆ ಕಮಾನುಗಳ ಸಾಲು ಏಳುತ್ತದೆ. ನಮ್ಮ ಪ್ಲೈವುಡ್ ಅಂಗಡಿಗಳಲ್ಲಿ ಇದನ್ನು 'ಕ್ರೌನ್' ಎನ್ನುತ್ತಾರೆ. ತಿರುಳಿನಿಂದ ತೊಗಟೆಯ ಕಡೆಗೆ, ಉಂಗುರಗಳನ್ನು ಅಡ್ಡಹಾಯುವಂತೆ ಕೊಯ್ದರೆ ನೇರವಾದ ಸಮಾಂತರ ಗೆರೆಗಳು ಬರುತ್ತವೆ, ಅದು 'ಕ್ವಾರ್ಟರ್'. ಒಂದೇ ದಿಮ್ಮಿಯಿಂದ ಸಾಲಾಗಿ ಹಲಗೆ ಕೊಯ್ದಾಗ ನಡುವಿನವು ಕ್ವಾರ್ಟರ್‌ಗೆ ಹತ್ತಿರ, ಅಂಚಿನವು ಕ್ರೌನ್. ಹಾಗಾಗಿ ನಿಜವಾದ ತೇಗದ ಮೇಜಿನ ಮೇಲೆ ಎರಡೂ ಬೆರೆತಿರುತ್ತವೆ. ಆರು ಹಲಗೆಯಲ್ಲೂ ನಡುಮಧ್ಯಕ್ಕೆ ಒಂದೊಂದು ಅಂದವಾದ ಕಮಾನು ಕೂತಿದ್ದರೆ ಅದು ಮರದ ಅಡ್ಡೆಯಿಂದ ಬಂದ ಮೇಜಲ್ಲ.

ಇನ್ನು ಮೇಜಿನ ಗಿಡ್ಡ ಅಂಚು. ಹಲಗೆ ಕತ್ತರಿಸಿದ ಆ ತುದಿಯಲ್ಲಿ ಉದ್ದ ಗೆರೆಗಳು ಕಾಣುವಂತಿಲ್ಲ. ಅಲ್ಲಿ ಕಾಣುವುದು ಉಂಗುರಗಳ ಬಿಲ್ಲುಗಳು ಮತ್ತು ಸೂಜಿಮೊನೆಯಂಥ ರಂಧ್ರಗಳು. ಪಾಲಿಶ್ ಅನ್ನು ಹೆಚ್ಚು ಹೀರುವುದರಿಂದ ಬಣ್ಣವೂ ಗಾಢ. ರೆಂಡರ್ ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆಂದು ತಿಳಿಯಲು ಜಾಣರು ಮೊದಲು ನೋಡುವುದು ಈ ತುದಿಯನ್ನೇ.

ಕುರ್ಚಿಯ ಕಾಲಿಗೆ ಬಂದಾಗ ತೊಡಕು ಹೆಚ್ಚುತ್ತದೆ. ಅವಸರದಲ್ಲಿರುವವರು 'ಬಾಕ್ಸ್ ಮ್ಯಾಪಿಂಗ್' ಎಂಬ ಸುಲಭ ದಾರಿ ಹಿಡಿಯುತ್ತಾರೆ. ವಸ್ತುವಿನ ಆರು ದಿಕ್ಕಿನಿಂದಲೂ ಫೋಟೊವನ್ನು ಪ್ರೊಜೆಕ್ಟರಿನಂತೆ ಬಿಡುವ ವಿಧಾನ ಅದು. ಗೋಡೆಗೆ, ಕಲ್ಲಿಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಚಂಡೀಗಢ ಕುರ್ಚಿಯ ಕಾಲು ಓರೆಯಾಗಿದೆ. ಫೋಟೊ ನೆಟ್ಟಗೆ ಬೀಳುತ್ತದೆ, ಕಾಲು ವಾಲಿದೆ. ಪರಿಣಾಮವಾಗಿ ಎಳೆಗಳು ಕಾಲಿನ ಒಂದು ಅಂಚಿನಲ್ಲಿ ಹೊಕ್ಕು ಇನ್ನೊಂದು ಅಂಚಿನಲ್ಲಿ ಹೊರಟುಹೋಗುತ್ತವೆ. ಹಾಗೆ ಎಳೆ ಅಡ್ಡಹಾಯ್ದ ಮರದಲ್ಲಿ ಯಾವ ಬಡಗಿಯೂ ಕಾಲು ಮಾಡುವುದಿಲ್ಲ. ಮೈಭಾರ ಬಿದ್ದ ದಿನವೇ ಎಳೆಯ ಗುಂಟ ಸೀಳಿ ಅದು ಮುರಿಯುತ್ತದೆ. ನೋಡುವವರಿಗೆ ಮರಗೆಲಸ ತಿಳಿದಿರಬೇಕಾಗಿಲ್ಲ. ಹುಟ್ಟಿದಾಗಿನಿಂದ ಮರದ ಕುರ್ಚಿಗಳನ್ನು ಕಂಡ ಕಣ್ಣಿಗೆ ಇದು ತಪ್ಪೆಂದು ಒಳಗೇ ತಟ್ಟುತ್ತದೆ.

ಪರಿಹಾರವೂ ಬಡಗಿಯದೇ. ಕುರ್ಚಿಯನ್ನು ಅವನು ಹೇಗೆ ತುಂಡು ತುಂಡಾಗಿ ಕೊಯ್ಯುತ್ತಾನೋ ಹಾಗೆಯೇ ಕಂಪ್ಯೂಟರಿನಲ್ಲೂ ಕಾಲು, ಕೈ, ಅಡ್ಡಪಟ್ಟಿಗಳನ್ನು ಬೇರೆ ಬೇರೆ ತುಂಡುಗಳಾಗಿ ಮಾಡಬೇಕು. ಪ್ರತಿ ತುಂಡಿನ ಮೇಲ್ಮೈಯನ್ನು ಬಿಡಿಸಿ ಹಾಸಿ, ಅದರ ಉದ್ದಕ್ಕೆ ಎಳೆಯನ್ನು ಕೂರಿಸಬೇಕು. ಎರಡು ತುಂಡು ಕೂಡುವಲ್ಲಿ ಎಳೆಗಳು ಥಟ್ಟನೆ ದಿಕ್ಕು ಬದಲಿಸಬೇಕು, ನಡುವೆ ಕೂದಲೆಳೆಯಷ್ಟು ಸಂದಿ ಇರಬೇಕು, ಅಂಚುಗಳನ್ನು ಅರ್ಧ ಮಿಲಿಮೀಟರಿನಷ್ಟಾದರೂ ಉಜ್ಜಿ ದುಂಡಾಗಿಸಿರಬೇಕು. ಆ ದುಂಡಿನ ಮೇಲೆ ಬೀಳುವ ಸಣ್ಣ ಬೆಳಕಿನ ಗೆರೆಯೇ ಮರಕ್ಕೆ ದಪ್ಪವನ್ನೂ ಭಾರವನ್ನೂ ಕೊಡುತ್ತದೆ.

ಫೋಟೊ ಹೊದಿಸುವ ಗೋಜೇ ಬೇಡವೆನ್ನುವ ಇನ್ನೊಂದು ದಾರಿ ಇದೆ. ಅದಕ್ಕೆ ನಲವತ್ತು ವರ್ಷದ ಇತಿಹಾಸ. 1985ರ ಸಿಗ್‌ಗ್ರಾಫ್ ಸಮ್ಮೇಳನದಲ್ಲಿ ಡಾರ್ವಿನ್ ಪೀಚಿ ಮತ್ತು ಕೆನ್ ಪರ್ಲಿನ್ ಇಬ್ಬರೂ ಬೇರೆ ಬೇರೆಯಾಗಿ ಮಂಡಿಸಿದ ಆಲೋಚನೆ ಒಂದೇ ಆಗಿತ್ತು: ಬಣ್ಣವನ್ನು ಮೇಲ್ಮೈಗೆ ಅಂಟಿಸುವ ಬದಲು ಘನವಸ್ತುವಿನ ಒಳಗೆಲ್ಲ ತುಂಬಿಬಿಡುವುದು. ಮರದ ವಿಷಯದಲ್ಲಿ ಹೇಳುವುದಾದರೆ, ಒಂದು ಅಕ್ಷದ ಸುತ್ತ ಒಂದರೊಳಗೊಂದು ಕೊಳವೆಗಳಂತೆ ಉಂಗುರಗಳನ್ನು ಗಣಿತದಿಂದಲೇ ಹುಟ್ಟಿಸಬೇಕು, ಪರ್ಲಿನ್ ಕಂಡುಹಿಡಿದ 'ನಾಯ್ಸ್' ಎಂಬ ಸೂತ್ರದಿಂದ ಅವುಗಳನ್ನು ಅಲ್ಲಲ್ಲಿ ಸೊಟ್ಟಗೊಳಿಸಬೇಕು. ಆಮೇಲೆ ಆ ಕಾಲ್ಪನಿಕ ದಿಮ್ಮಿಯೊಳಗಿಂದ ಕುರ್ಚಿಯ ಕಾಲನ್ನು ಕೊಯ್ದು ತೆಗೆದಂತೆ ಲೆಕ್ಕಹಾಕಬೇಕು. ಆಗ ಕಮಾನು, ನೇರ ಗೆರೆ, ತುದಿಯ ಬಿಲ್ಲು ಎಲ್ಲವೂ ತಾವಾಗಿಯೇ ಒಂದಕ್ಕೊಂದು ಕೂಡಿಬರುತ್ತವೆ. ಮೇಲಿನ ಮುಖದಲ್ಲಿ ಅಂಚಿಗೆ ಬಂದ ಗೆರೆ ಪಕ್ಕದ ಮುಖದಲ್ಲಿ ಸರಿಯಾಗಿ ಅಲ್ಲಿಂದಲೇ ಇಳಿಯುತ್ತದೆ. ಫೋಟೊದಿಂದ ಇದನ್ನು ಸಾಧಿಸುವುದು ಬಹಳ ಕಷ್ಟ.

ಇದರ ಮಿತಿಯೂ ಇದೆ. ಸರಳ ಉಂಗುರಗಳಿಂದ ಬಂದ ಮರ ತೀರಾ ನಿಯಮಬದ್ಧವಾಗಿ, ಕಾರ್ಟೂನಿನಂತೆ ಕಾಣಬಹುದು. ರಂಧ್ರಗಳು, ಗಂಟು, ಎಳೆಗಳ ಹೊಯ್ದಾಟ ಇವನ್ನೆಲ್ಲ ಸೂತ್ರಕ್ಕೆ ತರುವ ಸಂಶೋಧನೆ ಈಚಿನವರೆಗೂ ನಡೆದೇ ಇದೆ. ಗಂಟುಗಳಿರುವ ಘನ ಮರವನ್ನು ಹೀಗೆ ಸೂತ್ರದಿಂದ ಕಟ್ಟುವ ವಿಧಾನವೊಂದು 2022ರಲ್ಲಷ್ಟೇ ಪ್ರಕಟವಾಯಿತು. ದಿನನಿತ್ಯದ ಕೆಲಸದಲ್ಲಿ ಮೇಜಿನ ಮೇಲ್ಮೈಗೆ ಒಳ್ಳೆಯ ಫೋಟೊ, ಕಾಲು ಮತ್ತು ತುದಿಗಳಿಗೆ ಸೂತ್ರದ ಮರ ಎಂದು ಎರಡನ್ನೂ ಬೆರೆಸುವುದೇ ಹೆಚ್ಚು ಫಲ ಕೊಡುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಮೇಲೆ ಹೇಳಿದ್ದೆಲ್ಲ ಘನ ಮರಕ್ಕೆ. ವೆನಿಯರ್ ಹಾಗಲ್ಲ. ಎಂಟಡಿ ಉದ್ದ ನಾಲ್ಕಡಿ ಅಗಲದ ವೆನಿಯರ್ ಹಾಳೆಯಲ್ಲಿ ಪಕ್ಕಪಕ್ಕದ ಪಟ್ಟಿಗಳು ಒಂದೇ ದಿಮ್ಮಿಯಿಂದ ಒಂದರ ಮೇಲೊಂದು ಕೆತ್ತಿ ತೆಗೆದ ತೆಳು ಪದರಗಳು. ಆದ್ದರಿಂದ ಅಲ್ಲಿ ಒಂದೇ ಕಮಾನು ಮತ್ತೆ ಮತ್ತೆ ಬರುವುದು ಸಹಜ. ಪುಸ್ತಕ ತೆರೆದಂತೆ ಎಡಬಲ ಕನ್ನಡಿಯಾಗಿ ಜೋಡಿಸುವುದೂ ಉಂಟು. ಲ್ಯಾಮಿನೇಟ್ ಅಂತೂ ಅಚ್ಚು ಹಾಕಿದ ಕಾಗದ, ಅದರಲ್ಲಿ ವಿನ್ಯಾಸ ಅಚ್ಚಿನ ಅಳತೆಗೆ ತಕ್ಕಂತೆ ಪುನರಾವರ್ತನೆ ಆಗಿಯೇ ಆಗುತ್ತದೆ. ಗ್ರಾಹಕರು ಹಣ ಕೊಡುತ್ತಿರುವುದು ಲ್ಯಾಮಿನೇಟಿಗೆ ಎಂದಾದರೆ ಚಿತ್ರದಲ್ಲಿ ಒಂದಕ್ಕೊಂದು ಹೋಲದ ಘನ ತೇಗದ ಹಲಗೆಗಳನ್ನು ತೋರಿಸುವುದು ತಪ್ಪು ಭರವಸೆ. ವಾರ್ಡ್‌ರೋಬಿನ ನಾಲ್ಕು ಬಾಗಿಲಿಗೂ ಒಂದೇ ಗೆರೆ ಬರುವುದಾದರೆ ಚಿತ್ರದಲ್ಲೂ ಹಾಗೆಯೇ ಬರಲಿ.

ಬಣ್ಣ, ಗೆರೆ ಸರಿಹೋದ ಮೇಲೆ ಉಳಿಯುವುದು ಹೊಳಪು. ಅತಿ ಹೆಚ್ಚು ಕಾಣುವ ತಪ್ಪು ಇರುವುದು ಇಲ್ಲೇ. ಮರದ ಫೋಟೊವನ್ನು ಕಪ್ಪುಬಿಳುಪಾಗಿಸಿ ಅದನ್ನೇ ಏರುತಗ್ಗಿನ ನಕ್ಷೆಯಾಗಿ ಬಳಸುತ್ತಾರೆ: ಕಪ್ಪಿದ್ದಲ್ಲಿ ತಗ್ಗು, ಬಿಳಿಯಿದ್ದಲ್ಲಿ ಉಬ್ಬು. ಆದರೆ ಮರದಲ್ಲಿ ಕಪ್ಪು ಗೆರೆಯೆಲ್ಲ ತಗ್ಗಲ್ಲ. ಉಂಗುರದ ಗಾಢ ಭಾಗ ಬರೀ ಬಣ್ಣ, ಕೈಯಾಡಿಸಿದರೆ ಸಮತಟ್ಟು. ತಗ್ಗು ಇರುವುದು ಎಳೆಯ ಗುಂಟ ಸಣ್ಣ ಗೀರುಗಳಂತೆ ಕಾಣುವ ರಂಧ್ರಗಳಲ್ಲಿ ಮಾತ್ರ. ಅವೂ ಪಾಲಿಶ್ ಮೇಲೆ ಅವಲಂಬಿತ. ಫಿಲ್ಲರ್ ತುಂಬಿ, ಪದರದ ಮೇಲೆ ಪದರ ಪಿ.ಯು. ಹೊಡೆದ ಮೇಜಿನಲ್ಲಿ ರಂಧ್ರವೇ ಮುಚ್ಚಿಹೋಗಿ ಮೇಲ್ಮೈ ಗಾಜಿನಂತಾಗಿರುತ್ತದೆ. ಎಣ್ಣೆ ಅಥವಾ ಮೇಣ ಉಜ್ಜಿದ್ದರೆ ತೆರೆದಿರುತ್ತದೆ. ಮುಚ್ಚಿದ ಪಾಲಿಶಿನ ಮೇಜಿಗೆ ಏರುತಗ್ಗಿನ ನಕ್ಷೆ ಹಾಕಿದಾಗ ಅದು ಉಳುಮೆ ಮಾಡಿದ ಹೊಲದಂತೆ ಏಳುತ್ತದೆ. ಸರಿಯಾದ ಕ್ರಮವೆಂದರೆ, ಕೆಳಗೆ ಮರದ ಬಣ್ಣ, ಮೇಲೆ ಬೇರೆಯೇ ಒಂದು ಪಾರದರ್ಶಕ ಪದರ. ಪ್ರತಿಫಲನ ನಿರ್ಧಾರವಾಗುವುದು ಮೇಲಿನ ಪದರದ ನಯದಿಂದ. ಇಂಥ ನಕ್ಷೆಗಳನ್ನು ತಂತ್ರಾಂಶಕ್ಕೆ ಕೊಡುವಾಗ ಅವು ಬಣ್ಣವಲ್ಲ, ಬರೀ ಅಂಕಿ ಎಂದು ತಿಳಿಸುವುದೂ ಮುಖ್ಯ. ಬ್ಲೆಂಡರಿನಲ್ಲಿ `Non-Color` ಎಂದು ಆರಿಸುವುದನ್ನು ಮರೆತರೆ ಮೌಲ್ಯಗಳೆಲ್ಲ ಸೊಟ್ಟಗಾಗಿ ಹೊಳಪು ಎಲ್ಲೋ ಹೋಗಿ ನಿಲ್ಲುತ್ತದೆ.

ಪಾಲಿಶ್ ಮಾಡಿದ ಮರಕ್ಕೆ ಇನ್ನೊಂದು ಗುಣವಿದೆ, ಅದು ಪ್ಲಾಸ್ಟಿಕ್‌ಗೆ ಇಲ್ಲ. ಮೇಜಿನ ಸುತ್ತ ಒಂದು ಹೆಜ್ಜೆ ಇಟ್ಟರೆ ಕೆಲವು ಪಟ್ಟೆಗಳು ಬೆಳಗುತ್ತವೆ, ಕೆಲವು ಕಪ್ಪಾಗುತ್ತವೆ. ಅಮೆರಿಕದ ಸ್ಟೀವ್ ಮಾರ್ಷ್‌ನರ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಅಳೆದು ತೋರಿಸಿದರು: ಪಾಲಿಶಿನ ಪದರದಿಂದ ಬರುವ ಹೊಳಪು ಒಂದು, ಅದರ ಕೆಳಗಿನ ಮರದ ನಾರುಗಳಿಂದ ಬರುವ ಹೊಳಪು ಇನ್ನೊಂದು. ನಾರುಗಳು ಮೇಲ್ಮೈಗೆ ಸಮಾಂತರವಾಗಿರದೆ ಅಲ್ಲಲ್ಲಿ ಒಳಕ್ಕೆ, ಹೊರಕ್ಕೆ ವಾಲಿರುವುದರಿಂದ ಎರಡನೆಯ ಹೊಳಪು ಜಾಗದಿಂದ ಜಾಗಕ್ಕೆ ತಿರುಗುತ್ತದೆ. ಸಾಮಾನ್ಯ ರೆಂಡರ್‌ಗಳಲ್ಲಿ ಇದನ್ನು ಪೂರ್ತಿ ಲೆಕ್ಕ ಹಾಕುವುದಿಲ್ಲ. ಮರದ ಪದರಕ್ಕೆ ಎಳೆಯ ದಿಕ್ಕನ್ನು ಅನುಸರಿಸುವ ಹೊಳಪು, ಮೇಲೆ ಪಾಲಿಶಿನ ಹೊಳಪು ಎಂದು ಎರಡನ್ನು ಬೇರ್ಪಡಿಸಿದರೂ ಬಹುಪಾಲು ಜೀವ ಬರುತ್ತದೆ.

ಸ್ಥಳೀಯ ಮರದ ಫೋಟೊ ತಾವೇ ತೆಗೆಯುವವರಿಗೂ ಇದೇ ಕಾರಣಕ್ಕೆ ಒಂದು ಸೂಚನೆ. ಫ್ಲ್ಯಾಷ್ ಹಾಕಿ ತೆಗೆದರೆ ಹೊಳಪು ಚಿತ್ರದಲ್ಲೇ ಅಂಟಿಕೊಳ್ಳುತ್ತದೆ, ಹೊದಿಸಿದಲ್ಲೆಲ್ಲ ಬಿಳಿ ಮಚ್ಚೆಗಳ ಸಾಲು ಬರುತ್ತದೆ. ಮೋಡ ಮುಸುಕಿದ ಹೊತ್ತಿನಲ್ಲಿ, ನೆರಳಿನಲ್ಲಿ, ಹಲಗೆಗೆ ನೇರ ಎದುರಾಗಿ ಕ್ಯಾಮೆರಾ ಹಿಡಿದು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಬೇಕು. ಹೊಸದಾಗಿ ಕೊಯ್ದ ತೇಗದ ಬಣ್ಣ ಬೆಳಕು ತಾಗುತ್ತ ಹೊಂಬಣ್ಣದ ಕಂದಿಗೆ ತಿರುಗುವುದರಿಂದ, ಪಾಲಿಶ್ ಆಗಿ ಕೆಲಕಾಲ ಬಳಸಿದ ಹಲಗೆಯನ್ನೇ ಆರಿಸುವುದು ಒಳ್ಳೆಯದು.

ಈಗ ಬೆತ್ತ. ಬೆತ್ತ ತಾಳೆ ಜಾತಿಯ ಬಳ್ಳಿ, ಪಶ್ಚಿಮಘಟ್ಟದ ಕಾಡುಗಳಲ್ಲೂ ಬೆಳೆಯುತ್ತದೆ. ಅದರ ಹೊರಸಿಪ್ಪೆಯನ್ನು ತೆಳ್ಳಗೆ ಸೀಳಿದ ಪಟ್ಟಿಯಿಂದ ಕುರ್ಚಿಯ ಬೆನ್ನು, ಆಸನ ಹೆಣೆಯುತ್ತಾರೆ. ಎರಡು ಉದ್ದದ ಎಳೆ, ಎರಡು ಅಡ್ಡದ ಎಳೆ, ಮೇಲೆ ಎರಡು ದಿಕ್ಕಿನ ಓರೆ ಎಳೆ, ಕೊನೆಗೆ ಅಂಚು ಮುಚ್ಚುವ ಪಟ್ಟಿ ಎಂದು ಏಳು ಹಂತದಲ್ಲಿ ಮುಗಿಯುವ, ಎಂಟು ಮೂಲೆಯ ತೂತುಗಳು ಮೂಡುವ ಹೆಣಿಗೆಯೇ ಎಲ್ಲೆಡೆ ಕಾಣುವುದು. ಕೈಯಲ್ಲಿ ಹೆಣೆಯುವುದರ ಜೊತೆಗೆ ಸುರುಳಿಯಾಗಿ ಬರುವ ಸಿದ್ಧ ಹೆಣಿಗೆಯೂ ಇದೆ. ಅದನ್ನು ಒಂದು ತೂತಿನ ನಡುವಿನಿಂದ ಮುಂದಿನ ತೂತಿನ ನಡುವಿಗೆ ಇರುವ ಅಂತರದಿಂದ ಗುರುತಿಸುತ್ತಾರೆ. ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್, ಬಹಳ ಬಳಕೆಯಲ್ಲಿರುವ ಅಳತೆ. ಅದರ ಒಂದೊಂದು ಪಟ್ಟಿ ಎರಡೂವರೆ ಮಿಲಿಮೀಟರಿನ ಆಸುಪಾಸು.

ಈ ಒಂದು ಅಂಕಿಯಿಂದಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ನಮ್ಮ ಕುರ್ಚಿಯ ಬೆನ್ನು 45 ಸೆಂಟಿಮೀಟರ್ ಅಗಲ ಎಂದುಕೊಂಡರೆ ಅಡ್ಡಕ್ಕೆ ಸುಮಾರು 35 ತೂತು ಬರಬೇಕು. ರೆಂಡರ್‌ನಲ್ಲಿ ಎಣಿಸಿದಾಗ 14–15 ಮಾತ್ರ ಸಿಕ್ಕರೆ ಅಲ್ಲಿರುವ ಬೆತ್ತದ ಪಟ್ಟಿ ನಿಜದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ. ತೂತು ಚಿಕ್ಕದಾಗಿ ಕಾಣುತ್ತದೆ, ಹೆಣಿಗೆ ಗೊತ್ತಾಗುವುದಿಲ್ಲ ಎಂಬ ಭಯದಿಂದ ಹಿಗ್ಗಿಸುವುದೇ ಈ ತಪ್ಪಿನ ಮೂಲ.

ಹೆಣಿಗೆಯನ್ನು ಕಟ್ಟುವ ಕ್ರಮ ಹೀಗೆ. ವಿನ್ಯಾಸ ಮರುಕಳಿಸುವ ಅತಿ ಚಿಕ್ಕ ಚೌಕವನ್ನು ನಿಜವಾದ ಹೆಣಿಗೆಯ ಫೋಟೊ ಹಿನ್ನೆಲೆಯಲ್ಲಿಟ್ಟು ಎಳೆಯೆಳೆಯಾಗಿ ರೂಪಿಸುತ್ತಾರೆ. ಉದ್ದದ ಎಳೆಯೂ ಅಡ್ಡದ ಎಳೆಯೂ ಸರದಿಯಂತೆ ಒಂದರ ಮೇಲೆ, ಒಂದರ ಕೆಳಗೆ ಹಾಯಬೇಕು. ಒಂದು ಓರೆ ಎಳೆ ಅಡ್ಡದವುಗಳ ಮೇಲೆ, ಉದ್ದದವುಗಳ ಕೆಳಗೆ ಹೋದರೆ ಇನ್ನೊಂದು ಓರೆ ಅದಕ್ಕೆ ವಿರುದ್ಧ. ಎಲ್ಲ ಎಳೆಗಳನ್ನೂ ಒಂದೇ ಮಟ್ಟದಲ್ಲಿ ಇಟ್ಟರೆ ಅದು ಕತ್ತರಿಸಿದ ಕಾಗದದ ಜಾಲರಿ. ಏರಿ ಇಳಿಯುವ ಆ ಒಂದು ಮಿಲಿಮೀಟರಿನಿಂದಲೇ ಪ್ರತಿ ಎಳೆಯೂ ಪಕ್ಕದ್ದರ ಮೇಲೆ ನೆರಳು ಚೆಲ್ಲುತ್ತದೆ. ಚೌಕದ ಬಲ ಅಂಚಿನಲ್ಲಿ ಎಳೆ ಯಾವ ಎತ್ತರದಲ್ಲಿ ಹೊರಡುತ್ತದೋ ಎಡ ಅಂಚಿನಲ್ಲಿ ಅದೇ ಎತ್ತರದಲ್ಲಿ ಒಳಬರಬೇಕು, ಇಲ್ಲದಿದ್ದರೆ ಜೋಡಿಸಿದಾಗ ಪ್ರತಿ ಅರ್ಧ ಇಂಚಿಗೂ ಎಳೆ ತುಂಡಾಗುತ್ತದೆ.

ಬಣ್ಣದಲ್ಲಿ ಹಲವರು ಎಡವುತ್ತಾರೆ. ಏಕತಾನತೆ ಹೋಗಲೆಂದು ಪ್ರತಿ ಚೌಕಕ್ಕೂ ಬೇರೆ ಬೇರೆ ಛಾಯೆ ಕೊಟ್ಟುಬಿಡುತ್ತಾರೆ. ಕುರ್ಚಿಯ ಬೆನ್ನು ಮೊಸಾಯಿಕ್ ನೆಲದಂತಾಗುತ್ತದೆ. ನಿಜದಲ್ಲಿ ಛಾಯೆ ಬದಲಾಗುವುದು ಎಳೆಯಿಂದ ಎಳೆಗೆ. ಒಂದು ಪಟ್ಟಿ ತುಸು ಹಳದಿಯಾಗಿದ್ದರೆ ಮೇಲಿನಿಂದ ಕೆಳಗಿನವರೆಗೂ ಹಳದಿಯೇ, ನಡುವೆ ಎಲ್ಲೋ ಒಂದು ಗಿಣ್ಣಿನ ಕಂದು ಗುರುತು. ಆದ್ದರಿಂದ ಉದ್ದದ ಎಳೆಗಳ ಛಾಯೆ ಅಡ್ಡ ಸ್ಥಾನವನ್ನು, ಅಡ್ಡದ ಎಳೆಗಳ ಛಾಯೆ ಎತ್ತರವನ್ನು ಅನುಸರಿಸುವಂತೆ ಹೊಂದಿಸಬೇಕು. ಸಿಪ್ಪೆಯ ಮೇಲ್ಮುಖ ಸಹಜವಾಗಿಯೇ ನುಣುಪು, ಹಿಂಭಾಗ ಮಂಕು. ಕುರ್ಚಿಯ ಬೆನ್ನನ್ನು ಹಿಂದಿನಿಂದ ತೋರಿಸುವ ಚಿತ್ರಗಳಲ್ಲಿ ಈ ಭೇದ ಇಟ್ಟವರು ತೀರಾ ಕಡಿಮೆ.

ಹೆಣಿಗೆ ಮರವನ್ನು ಸೇರುವ ಅಂಚನ್ನೂ ಬಿಡುವಂತಿಲ್ಲ. ಸಿದ್ಧ ಹೆಣಿಗೆಯನ್ನು ಚೌಕಟ್ಟಿನ ಕಾಲುವೆಯೊಳಗೆ ಒತ್ತಿ, ಮೇಲೆ ಬೆತ್ತದ ಒಂದು ಸಣ್ಣ ಕೋಲನ್ನು ಬಡಿದು ಬಿಗಿಯುತ್ತಾರೆ. ಕೈಹೆಣಿಗೆಯಲ್ಲಾದರೆ ಸಾಲು ರಂಧ್ರಗಳ ಮೇಲೆ ಅಂಚುಪಟ್ಟಿ ಹೊಲಿದಿರುತ್ತದೆ. ಎರಡೂ ಇಲ್ಲದೆ ಹೆಣಿಗೆ ಮರದೊಳಗೆ ಮಾಯವಾದರೆ ಕಣ್ಣು ನಂಬುವುದಿಲ್ಲ. ಆಸನವನ್ನು ನಡುವೆ ಮೂರು–ನಾಲ್ಕು ಮಿಲಿಮೀಟರ್ ತಗ್ಗಿಸಿದರೆ ಜನ ಕೂತೆದ್ದ ಕುರ್ಚಿಯೆಂಬ ಭಾವ ತಾನಾಗಿ ಬರುತ್ತದೆ.

ಇಷ್ಟು ಕಷ್ಟಪಟ್ಟು ಹೆಣೆದದ್ದು ದೂರದಿಂದ ಕಾಣುತ್ತದೆಯೇ? ಲೆಕ್ಕ ಹಾಕಿ ನೋಡಬಹುದು. ಕುರ್ಚಿ ಇರುವ ದೂರದಲ್ಲಿ ಚಿತ್ರದ ಚೌಕಟ್ಟು ನಾಲ್ಕು ಮೀಟರ್ ಅಗಲವನ್ನು ಹಿಡಿದಿದೆ, ಚಿತ್ರ 4000 ಪಿಕ್ಸೆಲ್ ಅಗಲ ಇದೆ ಎಂದುಕೊಳ್ಳಿ. ಒಂದು ಮಿಲಿಮೀಟರಿಗೆ ಒಂದು ಪಿಕ್ಸೆಲ್. ಬೆತ್ತದ ಪಟ್ಟಿಗೆ ಎರಡೂವರೆ ಪಿಕ್ಸೆಲ್ ಸಿಕ್ಕಿತು, ಪರವಾಗಿಲ್ಲ. ಅದೇ ಚಿತ್ರ ಮೊಬೈಲಿನಲ್ಲಿ ಕಳಿಸುವಾಗ 1600 ಪಿಕ್ಸೆಲ್‌ಗೆ ಇಳಿದರೆ ಒಂದು ಪಟ್ಟಿಗೆ ಒಂದೇ ಪಿಕ್ಸೆಲ್. ಆಗ ಹೆಣಿಗೆಯ ಜಾಗದಲ್ಲಿ ಅಲೆಅಲೆಯಾದ ವಿಚಿತ್ರ ಪಟ್ಟೆಗಳು ಏಳುತ್ತವೆ, ಅಥವಾ ಬರೀ ಕೊರಕಲು ಕಾಣುತ್ತದೆ. ಹತ್ತಿರದ ಎರಡು ಕುರ್ಚಿಗೆ ಎಳೆಎಳೆಯಾಗಿ ಹೆಣೆದ ಬೆತ್ತ, ಮೇಜಿನಾಚೆಗಿನವಕ್ಕೆ ತೂತುಗಳ ನಕ್ಷೆ ಹೊದಿಸಿದ ಚಪ್ಪಟೆ ಹಾಳೆ, ಇನ್ನೂ ದೂರದ್ದಕ್ಕೆ ತೂತೇ ಇಲ್ಲದ, ಸರಾಸರಿಯಷ್ಟು ಅರೆಪಾರದರ್ಶಕ ಹಾಳೆ ಎಂದು ಹಂಚಿಕೊಳ್ಳುವುದು ಇದಕ್ಕಾಗಿಯೇ. ಆ ಸರಾಸರಿ ಎಷ್ಟೆಂದು ಊಹಿಸಬೇಕಿಲ್ಲ. ತೂತುಗಳ ಕಪ್ಪುಬಿಳುಪು ನಕ್ಷೆಯನ್ನು ಒಂದೇ ಪಿಕ್ಸೆಲ್‌ಗೆ ಕುಗ್ಗಿಸಿದರೆ ಉಳಿಯುವ ಬೂದಿಬಣ್ಣವೇ ಉತ್ತರ.

ಚಪ್ಪಟೆ ಹಾಳೆಗೂ ಒಂದು ಬಲೆ ಇದೆ. ಬ್ಲೆಂಡರಿನ ಸೈಕಲ್ಸ್‌ನಲ್ಲಿ ಒಂದು ಕಿರಣ ಎಷ್ಟು ಪಾರದರ್ಶಕ ಪದರಗಳನ್ನು ದಾಟಬಹುದು ಎಂಬುದಕ್ಕೆ ಮಿತಿ ಇದೆ. `Transparent` ಎಂಬ ಆ ಅಂಕಿ ಮೊದಲಿನಿಂದ 8 ಇರುತ್ತದೆ. ಸಾಲಾಗಿ ಆರು ಕುರ್ಚಿ, ಹಾಳೆಗೆ ದಪ್ಪ ಕೊಟ್ಟಿದ್ದರೆ ಪ್ರತಿಯೊಂದಕ್ಕೂ ಎರಡೆರಡು ಮುಖ, ಒಟ್ಟು ಹನ್ನೆರಡು. ಎಂಟು ದಾಟಿದ ಕಿರಣ ಅಲ್ಲೇ ನಿಲ್ಲುತ್ತದೆ, ಹಿಂದಿನ ಕುರ್ಚಿಗಳ ತೂತುಗಳಲ್ಲಿ ಕಡುಕಪ್ಪು ತುಂಬುತ್ತದೆ. ಬೆಳಕು ಸಾಲದೆಂದು ದೀಪ ಹೆಚ್ಚಿಸುವವರು ಇದ್ದಾರೆ. ದೀಪಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಕಿಯನ್ನು 16ಕ್ಕೋ 24ಕ್ಕೋ ಏರಿಸಿದರೆ ಕಪ್ಪು ಹೋಗುತ್ತದೆ.

ಬೆತ್ತದ ಸೊಗಸಿನ ದೊಡ್ಡ ಪಾಲು ನೆಲದ ಮೇಲೆ ಬೀಳುವ ನೆರಳಿನದು, ಅತಿ ಆಸೆಯಿಂದ ಕೆಡುವುದೂ ಅದೇ. ಕಿಟಕಿಯ ಬಿಸಿಲಿನಲ್ಲಿ ಕುರ್ಚಿಯ ಬೆನ್ನಿನ ಪ್ರತಿ ತೂತೂ ನೆಲದ ಮೇಲೆ ಚಿತ್ತಾರವಾಗಿ ಸ್ಪಷ್ಟವಾಗಿ ಮೂಡುವ ರೆಂಡರ್‌ಗಳು ಬಹಳ. ಸೂರ್ಯ ಒಂದು ಬಿಂದುವಲ್ಲ. ಆಕಾಶದಲ್ಲಿ ಅವನ ಅಗಲ ಸುಮಾರು ಅರ್ಧ ಡಿಗ್ರಿ. ಹಾಗಾಗಿ ನೆರಳಿನ ಅಂಚು ದೂರ ಹೋದಂತೆ ಮಸುಕಾಗುತ್ತದೆ, ಒಂದು ಮೀಟರಿಗೆ ಸುಮಾರು ಒಂಬತ್ತು ಮಿಲಿಮೀಟರ್. ಸೂರ್ಯ 45 ಡಿಗ್ರಿಯಲ್ಲಿದ್ದು ಬೆನ್ನಿನ ಹೆಣಿಗೆ ನೆಲದಿಂದ 80 ಸೆಂಟಿಮೀಟರ್ ಮೇಲಿದ್ದರೆ ಬೆಳಕು 1.13 ಮೀಟರ್ ಸಾಗಬೇಕು. ಮಸುಕು ಹತ್ತು ಮಿಲಿಮೀಟರ್ ದಾಟುತ್ತದೆ. ತೂತುಗಳ ನಡುವಿನ ಅಂತರವೇ 12.7 ಮಿಲಿಮೀಟರ್. ಅಂದರೆ ಅಲ್ಲಿ ಚಿತ್ತಾರ ಬಹುತೇಕ ಕರಗಿ ತಿಳಿ ನೆರಳಾಗಬೇಕು. 45 ಸೆಂಟಿಮೀಟರ್ ಎತ್ತರದ ಆಸನದ್ದಾದರೆ ಮಸುಕು ಆರು ಮಿಲಿಮೀಟರ್, ಅಲ್ಲಿ ಮೆದುವಾದ ಚುಕ್ಕೆಗಳು ಕಾಣಬಹುದು. ತಂತ್ರಾಂಶದಲ್ಲಿ ಸೂರ್ಯನ ಕೋನವನ್ನು 0.53 ಡಿಗ್ರಿಗೆ ಇಟ್ಟರೆ ಇದೆಲ್ಲ ತಾನಾಗಿ ಆಗುತ್ತದೆ. ಸೊನ್ನೆಗೆ ಇಟ್ಟು ಪಡೆದ ಚೂಪಾದ ಜಾಲರಿ ಎಷ್ಟೇ ಚೆಂದವಿದ್ದರೂ ಬಿಸಿಲಲ್ಲ.

ಸೀಳದ ಇಡೀ ಬೆತ್ತವನ್ನು ಬಗ್ಗಿಸಿ ಮಾಡುವ ಸೋಫಾ, ತೂಗುಕುರ್ಚಿಗಳಿಗೂ ಇದೇ ನ್ಯಾಯ. ಎಳೆ ಬಾಗಿನ ಗುಂಟ ಹರಿಯಬೇಕು, ಅಲ್ಲಲ್ಲಿ ಗಿಣ್ಣು ಬೇಕು, ಅದೂ ಸಮದೂರದಲ್ಲಿ ಬೇಡ. ಎರಡು ಕೋಲು ಕೂಡುವಲ್ಲಿ ಸುತ್ತಿ ಬಿಗಿದ ಪಟ್ಟಿ ಕಾಣಬೇಕು. ಎಲ್ಲೂ ಗಿಣ್ಣಿಲ್ಲದೆ, ಒಂದೇ ಬಣ್ಣದಲ್ಲಿ ಒಂದೇ ದಪ್ಪದಲ್ಲಿ ಸಾಗಿದರೆ ಅದು ತೋಟದ ಕುರ್ಚಿಗಳಲ್ಲಿ ಬಳಸುವ ಪ್ಲಾಸ್ಟಿಕ್ ಬೆತ್ತ. ಗ್ರಾಹಕರು ಕೊಳ್ಳುತ್ತಿರುವುದು ಅದನ್ನೇ ಆದರೆ ಚಿತ್ರವೂ ಸರಿ.

ಮನೆಗೆ ಇಂಥ ಚಿತ್ರ ಬಂದಾಗ ಒಪ್ಪಿಗೆ ಕೊಡುವ ಮೊದಲು ವಿನ್ಯಾಸಕರನ್ನು ಮೂರು ಪ್ರಶ್ನೆ ಕೇಳಿ: ಇದು ಘನ ಮರವೇ, ವೆನಿಯರೇ, ಲ್ಯಾಮಿನೇಟೇ? ಹಲಗೆಗಳ ಕೂಡು ಎಲ್ಲೆಲ್ಲಿ ಬರುತ್ತದೆ? ಬೆತ್ತದ ಹೆಣಿಗೆ ಎಷ್ಟು ಇಂಚಿನದು? ಮೂರಕ್ಕೂ ಚಿತ್ರದ ಮೇಲೆ ಬೆರಳಿಟ್ಟು ಉತ್ತರ ತೋರಿಸಬಲ್ಲವರ ರೆಂಡರನ್ನು ನಂಬಬಹುದು. ತೋರಿಸಲಾಗದಿದ್ದರೆ ಮರದ ಒಂದು ತುಂಡನ್ನೂ ಹೆಣಿಗೆಯ ಒಂದು ಮಾದರಿಯನ್ನೂ ಕೈಗೆ ತರಿಸಿಕೊಂಡು ನೋಡಿದ ಮೇಲೆಯೇ ಮುಂಗಡ ಕೊಡಿ.